ಹೊನ್ನಗೌರಿ ಇಲ್ಲದ ಪೊಟ್ಟಣ

ಕೊಟ್ಟೂರಿನ ಪೇಟೆಬೀದಿಯಲ್ಲಿ ದಾಕ್ಷಾಯಣಮ್ಮನಿಗೆ ಜಂಬ ಜಾಸ್ತಿ ಎನ್ನುವವರಿದ್ದಾರೆ. ಅವರು ಹೇಳುವುದು ಸುಳ್ಳೇನಲ್ಲ. ಆದರೆ ಆ ಜಂಬ ಪುಕ್ಕಟೆ ಬಂದದ್ದಲ್ಲ, ಅದನ್ನು ಅವರು ಹೇಳುವುದಿಲ್ಲ.

ಐದು ವರ್ಷದ ಹಿಂದೆ, ಊರಿಗೆ ಊರೇ ಜ್ವರದಲ್ಲಿ ಮಲಗಿದ್ದಾಗ, ಅವಳ ಮಾವ ಗುರುಬಸವರಾಜರೂ ಮಲಗಿ ಎದ್ದರು. ಎದ್ದವರಿಗೆ ವಾಸನೆ ಮಾತ್ರ ಮರಳಿ ಬರಲಿಲ್ಲ. ನಲವತ್ತು ವರ್ಷ ಚಹಾಪುಡಿಯನ್ನು ಮೂಗಿನಿಂದಲೇ ತೂಗಿದ ಮನುಷ್ಯ. ಅಂಗಡಿಯ ಮೂಗು ಹೋಯಿತು, ಇನ್ನು ಬಾಗಿಲು ಹಾಕುವುದೇ ಸೈ ಎಂದು ಪೇಟೆಯವರು ಮಾತಾಡಿಕೊಂಡರು. ಆಗ ಸೊಸೆ ಸೆರಗು ಸಿಕ್ಕಿಸಿಕೊಂಡು ಗಲ್ಲಾಪೆಟ್ಟಿಗೆಯ ಮುಂದೆ ಬಂದು ಕೂತಳು. ಮೊದಲ ವರ್ಷ ಗಿರಾಕಿಗಳು ಅವಳನ್ನು ದಾಟಿ ಒಳಗೆ ಇಣುಕಿ, "ಯಜಮಾನ್ರು ಅದಾರೇನ್ರಿ?" ಎಂದು ಕೇಳುತ್ತಿದ್ದರು. ಈಗ ಯಜಮಾನರೇ ಮೂಲೆಯ ಕುರ್ಚಿಯಲ್ಲಿ ಕೂತು, ಬಂದವರನ್ನು ಸೊಸೆಯ ಕಡೆ ಕೈ ತೋರಿಸಿ ಕಳಿಸುತ್ತಾರೆ. ಬಾಯಿ ಬಿಟ್ಟು ಹೊಗಳಿದವರಲ್ಲ, ಹೊಗಳುವ ಜಾತಿಯೂ ಅಲ್ಲ.

ಅಂಥ ಅಂಗಡಿಗೆ ಒಂದು ಗುರುವಾರ ಮಧ್ಯಾಹ್ನ ಫೋಟೋ ಬಂತು.

ಕಳಿಸಿದವಳು ಕೂಡ್ಲಿಗಿಯ ದುರ್ಗಾ. ಅವಳ ಅತ್ತೆ ಕೆಂಚಕ್ಕ ತಾಲೂಕು ಕಚೇರಿಯ ಎದುರು ತಗಡಿನ ಗೂಡಂಗಡಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಚಹಾ ಮಾಡುವವಳು. ಹಡಗಲಿಯಿಂದ, ಹರಪನಹಳ್ಳಿಯಿಂದ ಕಚೇರಿ ಕೆಲಸಕ್ಕೆ ಬಂದವರು ಸಹ, ಕೆಲಸ ಆಗದಿದ್ದರೂ ಕೆಂಚಕ್ಕನ ಚಹಾ ಕುಡಿದೆವು ಎಂಬ ಸಮಾಧಾನದಲ್ಲಿ ಬಸ್ಸು ಹತ್ತುತ್ತಾರೆ. ಈಗ ಕಚೇರಿಯವರು ಹೊಸ ಕಟ್ಟಡದೊಳಗೆ ಕ್ಯಾಂಟೀನು ಮಾಡಿ, ಅದನ್ನು ಅತ್ತೆ ಸೊಸೆಯರಿದ್ದ ಮಹಿಳಾ ಸಂಘಕ್ಕೆ ಕೊಟ್ಟಿದ್ದರು. ಸೋಮವಾರ ಶುರು. ದಿನಕ್ಕೆ ನಾನೂರು ಕಪ್ಪು. ಆದರೆ ಒಂದು ತಿಂಗಳು ನೋಡುತ್ತೇವೆ, ರುಚಿ ಹಿಡಿಸದಿದ್ದರೆ ಬೇರೆಯವರಿಗೆ ಎಂದು ಮೊದಲೇ ಹೇಳಿದ್ದರು. ಹಳೇ ಗೂಡಂಗಡಿ ತೆಗೆಯಲೇಬೇಕು ಎಂಬ ಮಾತೂ ಅದರ ಜೊತೆಗಿತ್ತು. ಅಂದರೆ ಈ ಕ್ಯಾಂಟೀನು ಕೈ ತಪ್ಪಿದರೆ ಕೆಂಚಕ್ಕನಿಗೆ ಹಿಂದಿರುಗಲು ಒಲೆಯೇ ಇರುವುದಿಲ್ಲ.

ಇಂಥ ಹೊತ್ತಿಗೇ ಅವಳ ಪುಡಿ ಸಿಗದಾಯಿತು. ನೂರು ಗ್ರಾಮಿನ ಆ ಪೊಟ್ಟಣವನ್ನು ತರಿಸುತ್ತಿದ್ದ ಕಿರಾಣಿಯವನು ಅಂಗಡಿ ಮುಚ್ಚಿದ್ದ. ಉಳಿದದ್ದು ಮೂರು ಪೊಟ್ಟಣ. ಹೆಸರೇನೆಂದು ಕೇಳಿದರೆ ಓದು ಬಾರದ ಕೆಂಚಕ್ಕ, "ದೇವರ ಪುಡಿ" ಎನ್ನುತ್ತಿದ್ದಳು. ದುರ್ಗಾ ಮದುವೆಯಾಗಿ ಬಂದು ಎರಡು ವರ್ಷ, ಅವಳಿಗೂ ಅಷ್ಟೇ ಗೊತ್ತು. ಅದೇ ಪುಡಿ ಕಿಲೋ ಪ್ಯಾಕಿನಲ್ಲಿ ಬೇಕು ಅಂತ ಅವಳು ಫೋಟೋದ ಕೆಳಗೆ ಬರೆದಿದ್ದಳು.

ದಾಕ್ಷಾಯಣಮ್ಮ ಫೋಟೋ ದೊಡ್ಡದು ಮಾಡಿ ನೋಡಿದಳು. ಪೊಟ್ಟಣದ ನಟ್ಟ ನಡುವೆ ತೂತು.

ಹರಿದದ್ದಲ್ಲ, ಇಲಿ ಕಡಿದದ್ದೂ ಅಲ್ಲ. ಕತ್ತರಿಯಲ್ಲಿ ನೀಟಾಗಿ, ಕಮಾನಿನ ಆಕಾರದಲ್ಲಿ ಕತ್ತರಿಸಿ ತೆಗೆದದ್ದು. ಫೋನು ಹಚ್ಚಿ ಕೇಳಿದರೆ ದುರ್ಗಾ ನಾಚಿಕೊಂಡು ವಿಷಯ ಹೇಳಿದಳು. ಪೊಟ್ಟಣದ ಮೇಲೆ ದೇವರ ಚಿತ್ರ ಇರುತ್ತದೆ, ಅದು ಕಸದ ಬುಟ್ಟಿಗೆ ಬಿದ್ದು ನಾಲ್ಕು ಜನರ ಕಾಲಿಗೆ ಸಿಗಬಾರದು ಎಂದು ಅತ್ತೆ ಪ್ರತಿ ಪೊಟ್ಟಣ ಒಡೆದ ಕೂಡಲೇ ದೇವರನ್ನು ಕತ್ತರಿಸಿ ತೆಗೆದಿಡುತ್ತಾಳೆ. ತಿಂಗಳಿಗೊಮ್ಮೆ ಒಟ್ಟುಮಾಡಿ ಹರಿಯುವ ನೀರಿಗೆ ಬಿಡುತ್ತಾಳೆ. ಈ ತಿಂಗಳು ಕತ್ತರಿಸಿಟ್ಟ ದೇವರೂ, ಒಡೆಯದ ಆ ಮೂರು ಪೊಟ್ಟಣವೂ ಅತ್ತೆಯ ಟ್ರಂಕಿನೊಳಗೆ, ಬೀಗದ ಕೈ ಅತ್ತೆಯ ಸೊಂಟದಲ್ಲಿ, ಅತ್ತೆ ಇರುವುದು ಕೋಗಳಿಯ ನೆಂಟರ ಮನೆಯಲ್ಲಿ. ದೇವರ ತಲೆಯ ಮೇಲೇ ಬರೆದಿದ್ದ ಹೆಸರೂ ದೇವರ ಜೊತೆಗೇ ಹೋಗಿತ್ತು.

ಬೇರೆ ಯಾರಾದರೂ ಆಗಿದ್ದರೆ, ಅತ್ತೆ ಬಂದ ಮೇಲೆ ಫೋನು ಮಾಡು ತಾಯಿ ಎನ್ನುತ್ತಿದ್ದರು. ದಾಕ್ಷಾಯಣಮ್ಮನಿಗೆ ಮಾತ್ರ ಇಂಥ ಒಗಟೇ ರುಚಿ. ಮಾವನ ಮುಂದೆ ಫೋನು ಹಿಡಿದು ಒಂದೊಂದೇ ಬಿಡಿಸಿ ಹೇಳತೊಡಗಿದಳು. ಈ ಕಡೆಗೆ ದೇವರ ಚಿತ್ರ ಇರುವ ಪುಡಿ ಬರುವುದು ಮೂರೇ, ಮೂರರ ಮೇಲೂ ದೇವಿಯೇ. ಒಂದರಲ್ಲಿ ದೇವಿಯ ಎರಡೂ ಕಡೆ ಆನೆ. ಹಾಗಿದ್ದರೆ ತೂತಿನ ಪಕ್ಕ ಸೊಂಡಿಲಾದರೂ ಉಳಿಯಬೇಕಿತ್ತು. ಇನ್ನೊಂದರಲ್ಲಿ ನಿಂತ ದೇವಿ, ತೂತು ಉದ್ದಕ್ಕೆ ಇರಬೇಕಿತ್ತು. ಇದು ಕೆಳಗೆ ಅಗಲ, ಮೇಲೆ ಕಮಾನು. ಕೂತ ದೇವಿ. ಅಂಚಿನಲ್ಲಿ ಹಳದಿಯ ಮೇಲೆ ಹಸಿರು ಮಾವಿನ ಬಳ್ಳಿಯ ಚಿತ್ತಾರ.

"ಹೊನ್ನಗೌರಿ ಟೀ ರೀ ಮಾವಾರ," ಎಂದಳು.

ಗುರುಬಸವರಾಜರು ಕನ್ನಡಕ ಏರಿಸಿ ನೋಡಿ, "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರ," ಎಂದರು. ಅಷ್ಟೇ.

ಪ್ರಮಾಣಕ್ಕೂ ಅವಳು ಹಿಂದೆ ಬೀಳಲಿಲ್ಲ. ಪೊಟ್ಟಣದ ಹಿಂಬದಿಯ ಫೋಟೋ ತರಿಸಿಕೊಂಡಳು. ಅಲ್ಲಿ ಆಹಾರ ಲೈಸೆನ್ಸಿನ ಹದಿನಾಲ್ಕು ಅಂಕಿ ಪೂರ್ತಿ ಇತ್ತು. ಸರ್ಕಾರದ ಜಾಲತಾಣದಲ್ಲಿ ಆ ಅಂಕಿ ಹಾಕಿದರೆ ಲೈಸೆನ್ಸು ಯಾರದೆಂದು ಬರುತ್ತದೆ. ಬಂತು. ನೀಲಗಿರಿ ಕಡೆಯ ಒಬ್ಬ ಪ್ಯಾಕಿಂಗಿನವನ ಹೆಸರು, ವಿಳಾಸ. ಹೊನ್ನಗೌರಿಯ ಕಿಲೋ ಪ್ಯಾಕು ಅವಳ ಅಂಗಡಿಯಲ್ಲೇ ಇತ್ತು, ಅದರ ಮೇಲೂ ಅದೇ ಅಂಕಿ. ತಾಳೆ ಆಯಿತು.

ಆಗ ಏರಿತು ನೋಡಿ ಜಂಬ. ಎದುರಂಗಡಿಯವನನ್ನು ಕರೆದು ತೂತು ತೋರಿಸಿದಳು. ಇಲ್ಲದ ದೇವರನ್ನು ಇದ್ದ ಅಂಚಿನಿಂದ ಹಿಡಿದೆ ಎಂದು ಎರಡು ಸಲ ಹೇಳಿದಳು. ಹೇಳುವ ಉಮೇದಿನಲ್ಲಿ, ಹೊನ್ನಗೌರಿಯ ಎರಡು ಕಿಲೋ ಪ್ಯಾಕು ಕಟ್ಟಿ, ಕೂಡ್ಲಿಗಿ ಬಸ್ಸಿಗೆ ಅಂದೇ ಹಾಕಿಸಿದಳು. ಮೊದಲನೇ ಫೋಟೋದ ಮೂಲೆಯಲ್ಲಿ ಒಂದು ಸ್ಟೀಲಿನ ಮುಚ್ಚಳ, ಅದರೊಳಗೆ ಪುಡಿ ಕಾಣುತ್ತಿತ್ತು. ಅದನ್ನು ಅವಳು ನೋಡಲಿಲ್ಲ. ನೋಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ದುರ್ಗಾಳ ಫೋನು ಬಂತು. ದನಿ ಸಣ್ಣದಾಗಿತ್ತು. ಕೋಗಳಿಯಿಂದ ಬಂದ ಅತ್ತೆ, ಪೊಟ್ಟಣದ ಮೇಲೆ ಅದೇ ಗೌರಿಯನ್ನು ಕಂಡು, ಕೈ ಮುಗಿದು, ಹೊಸ ಪುಡಿಯಲ್ಲಿ ಚಹಾ ಮಾಡಿದಳಂತೆ. ಬಣ್ಣ ಕರ್ರಗೆ, ಬಾಯಿಗೆ ಒಗರು. ಕಚೇರಿಯ ಕ್ರಾಂತಿಕುಮಾರ್ ಇಪ್ಪತ್ತು ವರ್ಷದ ಗಿರಾಕಿ, ಕ್ಯಾಂಟೀನು ಕೆಂಚಕ್ಕನಿಗೇ ಕೊಡಬೇಕೆಂದು ಸಾಹೇಬರ ಮುಂದೆ ಹಟ ಹಿಡಿದವನು. ಆತ ಎರಡು ಗುಟುಕು ಕುಡಿದು, ಅರ್ಧ ಕಪ್ಪು ಹಾಗೇ ಇಟ್ಟು, ಏನೂ ಅನ್ನದೆ ಎದ್ದು ಹೋದನಂತೆ.

"ಬೈದಿದ್ರ ಚಲೋ ಇತ್ತು ಅಕ್ಕಾರ," ಎಂದಳು ದುರ್ಗಾ. "ಅತ್ತಿ ಆ ಕಪ್ಪು ತೊಳದಿಲ್ಲ. ಹಂಗ ಎದುರಿಗೆ ಇಟ್ಟಗೊಂಡು ಕುಂತಾಳ."

ದಾಕ್ಷಾಯಣಮ್ಮನಿಗೆ ಕೆನ್ನೆಗೆ ಹೊಡೆದಂತಾಯಿತು. ಫೋನು ಇಟ್ಟವಳೇ ಗುರುವಾರದ ಫೋಟೋ ಮತ್ತೆ ತೆಗೆದಳು. ಈಗ ತೂತು ನೋಡಲಿಲ್ಲ, ಮುಚ್ಚಳ ನೋಡಿದಳು. ಅದರೊಳಗಿನ ಪುಡಿ ರಾಗಿ ಕಾಳಿನಷ್ಟು ದಪ್ಪ, ಉರುಟು, ನಡುವೆ ಅಲ್ಲಲ್ಲಿ ಸಣ್ಣ ಧೂಳು. ತಾನು ಕಳಿಸಿದಂಥದೇ ಇನ್ನೊಂದು ಕಿಲೋ ಪ್ಯಾಕು ಒಡೆದು ಬಿಳಿ ಕಾಗದದ ಮೇಲೆ ಸುರಿದಳು. ಚಿರೋಟಿ ರವೆಯಂತೆ ನುಣ್ಣಗಿತ್ತು.

ಹೆಸರು ಒಂದೇ, ದೇವಿ ಒಂದೇ, ಅಂಕಿಯೂ ಒಂದೇ. ಪುಡಿ ಬೇರೆ. ಸಣ್ಣ ಪೊಟ್ಟಣ ಮನೆಯವರಿಗೆ, ಅದರಲ್ಲಿ ಕಾಳು ಹೆಚ್ಚು. ಕಿಲೋ ಪ್ಯಾಕು ಹೋಟೆಲಿನವರಿಗೆ, ಅದು ಬರೀ ಡಸ್ಟು, ಬೇಗ ಬಣ್ಣ ಬಿಡುತ್ತದೆ, ಕಿಲೋಗೆ ಹೆಚ್ಚು ಲೋಟ ಚಹಾ ಆಗುತ್ತದೆ. ಅದನ್ನು ಕೆಂಚಕ್ಕನಂತೆ ನಿಧಾನ ಕುದಿಸಿದರೆ ಒಗರಾಗದೆ ಇನ್ನೇನಾದೀತು. ಪ್ಯಾಕಿನ ಮೇಲೆ ಚಿಕ್ಕ ಅಕ್ಷರದಲ್ಲಿ ಹೋಟೆಲ್ ಡಸ್ಟ್ ಎಂದು ಬರೆದೇ ಇತ್ತು. ಬರೆದವನ ತಪ್ಪಲ್ಲ, ಓದದವಳ ತಪ್ಪು. ಇದು ಅವಳಿಗೆ ಗೊತ್ತಿಲ್ಲದ ವಿಷಯವೂ ಅಲ್ಲ, ದಿನಾ ಗಿರಾಕಿಗಳಿಗೆ ಅವಳೇ ಹೇಳುವ ಪಾಠ.

ಮಾವನ ಮುಂದೆ ಹೋಗಿ ತಪ್ಪು ಒಪ್ಪಿಕೊಂಡಳು. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದಳು. ಗುರುಬಸವರಾಜರು ಬೈಯಲಿಲ್ಲ. ಎದ್ದು, ಕಪಾಟಿನಿಂದ, ಪುಡಿಯ ರುಚಿ ನೋಡುತ್ತಿದ್ದ ತಮ್ಮ ಹಳೇ ಪಿಂಗಾಣಿ ಕಪ್ಪುಗಳ ಪೆಟ್ಟಿಗೆ ತೆಗೆದು ಸೊಸೆಯ ಕೈಗೆ ಕೊಟ್ಟರು. ಮೂಗು ಹೋದ ಮೇಲೆ ಆ ಪೆಟ್ಟಿಗೆಯನ್ನು ಅವರು ಯಾರಿಗೂ ಮುಟ್ಟಗೊಟ್ಟಿರಲಿಲ್ಲ.

"ಫೋಟೋದಾಗ ಹೆಸರು ಸಿಗತೈತಿ," ಎಂದರು. "ರುಚಿ ಕಪ್ಪಿನಾಗ ಸಿಗತೈತಿ. ಹೋಗಿ ಬಾ."

ಹೊನ್ನಗೌರಿಯ ಸಣ್ಣ ಪೊಟ್ಟಣ ಅವಳ ಅಂಗಡಿಗೆ ಬರುತ್ತಿರಲಿಲ್ಲ, ಸೋಮವಾರದೊಳಗೆ ತರಿಸುವುದೂ ಆಗದ ಮಾತು. ಹೋಗುವ ಮುನ್ನ ಅವಳು ಗೋದಾಮಿಗೆ ಹೊಕ್ಕಳು. ಅದೇ ಹದಿನಾಲ್ಕು ಅಂಕಿ ಇನ್ನೆಲ್ಲಾದರೂ ಕಂಡಿದ್ದೇನೆಯೇ ಎಂಬುದು ಅವಳ ತಲೆಯಲ್ಲಿ ಕೊರೆಯುತ್ತಿತ್ತು. ಒಬ್ಬನೇ ಪ್ಯಾಕಿಂಗಿನವನು ನಾಲ್ಕು ಹೆಸರಿನಲ್ಲಿ ಪುಡಿ ಬಿಡುವುದು ಈ ವ್ಯಾಪಾರದಲ್ಲಿ ಹೊಸದಲ್ಲ. ಒಂದೊಂದೇ ಮೂಟೆ ಸರಿಸಿ, ಕಿಲೋ ಪ್ಯಾಕುಗಳ ಬೆನ್ನು ತಿರುವಿ ತಿರುವಿ ಓದಿದಳು. ನಾಲ್ಕನೇ ಸಾಲಿನಲ್ಲಿ ಸಿಕ್ಕಿತು. ಹಕ್ಕಿಗೂಡು ಟೀ. ಬೂದು ಬಣ್ಣದ ಸಪ್ಪೆ ಪ್ಯಾಕು, ದೇವರಿಲ್ಲ, ಹೂವಿಲ್ಲ. ಮಾಗಳದ ಒಂದು ಹೋಟೆಲಿಗೆ ಬಿಟ್ಟರೆ ಯಾರಿಗೂ ಹೋಗುತ್ತಿರಲಿಲ್ಲ. ಒಡೆದು ನೋಡಿದರೆ ಕಾಳು, ರಾಗಿಯಷ್ಟು. ಹಿತ್ತಲ ಗಿಡ ಮದ್ದಲ್ಲ ಎಂದು ಇಷ್ಟು ದಿನ ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಆದರೆ ಈ ಸಲ ಸಿಕ್ಕಿತು ಎಂದು ಅವಳು ಕೂಗಲಿಲ್ಲ. ಅಂಕಿ ಹೇಳುವುದು ಪ್ಯಾಕು ಮಾಡಿದವನು ಯಾರು ಎಂದಷ್ಟೇ, ಒಳಗೆ ಏನು ಬೆರೆಸಿದ್ದಾನೆ ಎಂದಲ್ಲ.

ಹಕ್ಕಿಗೂಡಿನ ಪ್ಯಾಕುಗಳನ್ನೂ ಕಟ್ಟಿಕೊಂಡು ಕೂಡ್ಲಿಗಿಯಲ್ಲಿ ಇಳಿದಾಗ ಮೂರು ಗಂಟೆ. ಕೆಂಚಕ್ಕ ಗೂಡಂಗಡಿಯ ಬೆಂಚಿನ ಮೇಲೆ ಕೂತಿದ್ದಳು. ಅರ್ಧ ಕಪ್ಪು ಚಹಾ ಎದುರಿಗೇ ಇತ್ತು, ಮೇಲೆ ಕೆನೆ ಕಟ್ಟಿತ್ತು.

"ತಪ್ಪು ನಂದು ಕೆಂಚಕ್ಕ," ಎಂದಳು ದಾಕ್ಷಾಯಣಮ್ಮ, ನಿಂತುಕೊಂಡೇ. "ದೇವ್ರನ್ನ ನೋಡಿದೆ, ಪುಡಿ ನೋಡಲಿಲ್ಲ."

ಕೆಂಚಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಪೇಟೆಯ ಅಂಗಡಿಯ ಯಜಮಾನತಿ, ಬಿಸಿಲಲ್ಲಿ ಪೆಟ್ಟಿಗೆ ಹೊತ್ತು ತಗಡಿನ ಕೆಳಗೆ ಬಂದು ತಪ್ಪು ಒಪ್ಪಿಕೊಳ್ಳುವುದನ್ನು ಅವಳು ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಸರಿದು ಬೆಂಚಿನ ಮೇಲೆ ಜಾಗ ಮಾಡಿದಳು. ಟ್ರಂಕಿನ ಬೀಗ ತೆಗೆದು ಹಳೇ ಪೊಟ್ಟಣ ಒಂದನ್ನು ತಂದು ಕೊಟ್ಟಳು.

ಆಮೇಲೆ ಶುರುವಾಯಿತು ಕೆಲಸ. ದಾಕ್ಷಾಯಣಮ್ಮ ಮಸಾಲೆ ತೂಗುವ ಪುಟ್ಟ ತಕ್ಕಡಿ ಇಟ್ಟಳು. ಕೆಂಚಕ್ಕ ತನ್ನ ಸ್ಟೀಲಿನ ಮುಚ್ಚಳದಿಂದಲೇ ಅಳೆದು ಹಾಕುವವಳು, ತಕ್ಕಡಿ ನೋಡಿ ನಕ್ಕಳು. ದಾಕ್ಷಾಯಣಮ್ಮ ಅದೇ ಮುಚ್ಚಳದಲ್ಲಿ ಹಳೇ ಪುಡಿ ತುಂಬಿ ತೂಗಿದಳು, ಮತ್ತೆ ಡಸ್ಟು ತುಂಬಿ ತೂಗಿದಳು. ಡಸ್ಟು ಒತ್ತಾಗಿ ಕೂರುತ್ತದೆ, ತೂಕ ಜಾಸ್ತಿ ಬಂತು. ಬೆಳಗಿನ ಚಹಾ ಕರ್ರಗಾದದ್ದಕ್ಕೆ ಅರ್ಧ ಕಾರಣ ಅಲ್ಲೇ ಸಿಕ್ಕಿತು. ಕೆಂಚಕ್ಕ ನಗುವುದನ್ನು ನಿಲ್ಲಿಸಿ ಹತ್ತಿರ ಬಂದು ಕೂತಳು.

ಎಲ್ಲ ಪುಡಿಯೂ ಒಂದೇ ತೂಕ. ಒಂದೇ ಅಳತೆಯ ಕುದಿವ ನೀರು. ಮುಚ್ಚಿ ಐದು ನಿಮಿಷ, ದುರ್ಗಾಳ ಫೋನಿನ ಗಡಿಯಾರದಲ್ಲಿ. ಹಾಲಿಲ್ಲ, ಸಕ್ಕರೆ ಇಲ್ಲ. ಬಿಳಿ ಪಿಂಗಾಣಿಯಲ್ಲಿ ಸೋಸಿಟ್ಟಾಗ ಹಳೇ ಪುಡಿಯ ರಸ ಕೆಂಪಗೆ, ಅಂಚಿನಲ್ಲಿ ಹೊಂಬಣ್ಣ. ಹಕ್ಕಿಗೂಡಿನದು ಪರಿಮಳದಲ್ಲಿ ಅದರ ಪಕ್ಕವೇ ಬಂತು, ಬಣ್ಣದಲ್ಲಿ ಮಾತ್ರ ಒಂದು ಹೆಜ್ಜೆ ಹಿಂದೆ. ದಾಕ್ಷಾಯಣಮ್ಮ ಹಳೇ ಪೊಟ್ಟಣದ ಪುಡಿಯನ್ನು ದುರ್ಗಾಳ ಸಣ್ಣ ಜರಡಿಯಲ್ಲಿ ಆಡಿಸಿದಳು. ಕೆಳಗೆ ಇಷ್ಟೇ ಇಷ್ಟು ಧೂಳು ಬಿತ್ತು. ತೂಗಿದಳು. ಸುಮಾರು ಎಂಟರಲ್ಲಿ ಒಂದು ಪಾಲು.

ತಾನು ಕಳಿಸಿದ್ದ, ಯಾರ ಬಾಯಿಗೂ ಹಿಡಿಸದ ಡಸ್ಟಿನಿಂದಲೇ ಒಂದು ಪಾಲು ತೆಗೆದು, ಹಕ್ಕಿಗೂಡಿನ ಏಳು ಪಾಲಿಗೆ ಬೆರೆಸಿದಳು. ಮೊದಲು ಹೆಚ್ಚು ಬೆರೆಸಿ ನೋಡಿದ್ದಳು, ಒಗರು ತಲೆ ಎತ್ತಿತ್ತು. ಏಳಕ್ಕೆ ಒಂದು ಎಂದಾಗ ಬಣ್ಣ ಹಳೆಯದರ ಪಕ್ಕ ಬಂದು ನಿಂತಿತು. ಚಮಚದಿಂದ ಸರ್ರನೆ ಹೀರಿ ಬಾಯಲ್ಲಿ ಆಡಿಸಿ ಉಗುಳಿದಳು. ಮತ್ತೆ ಹೀರಿದಳು. ತೀರ್ಪು ಹೇಳಬೇಕಾದವಳು ಬೇರೆ ಇದ್ದಳು.

ಕೆಂಚಕ್ಕನನ್ನು ಬೆನ್ನು ತಿರುಗಿಸಿ ಕೂರಿಸಿ, ದುರ್ಗಾಳ ಕೈಯಿಂದ ಹಾಲು ಸಕ್ಕರೆ ಹಾಕಿಸಿ, ಕೆಂಚಕ್ಕನ ರೀತಿಯಲ್ಲೇ ಕುದಿಸಿ ಎರಡು ಲೋಟ ಮಾಡಿಸಿದಳು. ಒಂದು ಹಳೆಯದು, ಒಂದು ಹೊಸದು. ಯಾವುದು ಯಾವುದೆಂದು ದುರ್ಗಾಳಿಗೆ ಮಾತ್ರ ಗೊತ್ತು. ದಾಕ್ಷಾಯಣಮ್ಮನಿಗೆ ಎಂದೂ ಇಷ್ಟು ಅಳುಕಾಗಿರಲಿಲ್ಲ, ಮಾವನ ಮುಂದೆ ಮೊದಲ ಸಲ ಪುಡಿ ಗುರುತಿಸಿದ ದಿನವೂ.

ಕೆಂಚಕ್ಕ ಒಂದನ್ನು ಕುಡಿದಳು. ಇನ್ನೊಂದನ್ನು ಕುಡಿದಳು. ಮೊದಲಿನದಕ್ಕೆ ಮರಳಿದಳು. ಹೊರಗೆ ಹೊಸಪೇಟೆ ಬಸ್ಸು ಬಂದು ನಿಂತು ಹೋಯಿತು.

"ಇದು ನಂದು," ಎಂದು ಎಡಗಡೆಯ ಲೋಟ ಮುಟ್ಟಿದಳು.

ದುರ್ಗಾ ಹೌದೆಂದಳು. ಅದೇ ಹಳೆಯದು. ದಾಕ್ಷಾಯಣಮ್ಮ ಕಣ್ಣು ಕೆಳಗೆ ಹಾಕಿದಳು. ಆ ನಾಲಿಗೆಗೆ ಮೋಸ ಮಾಡಲು ಆಗಲಿಲ್ಲ. ಸೋತೆ ಅನ್ನಿಸಿತು, ಅದರ ಜೊತೆಗೇ ಆ ನಾಲಿಗೆಯ ಮೇಲೆ ಅಭಿಮಾನವೂ ಉಕ್ಕಿತು. ಅಕ್ಷರ ಬಾರದ ಹೆಂಗಸು ಏಳಕ್ಕೆ ಒಂದರ ಬೆರಕೆಯನ್ನು ಬೆನ್ನು ತಿರುಗಿಸಿಕೊಂಡೇ ಹಿಡಿದಿದ್ದಳು.

ಕೆಂಚಕ್ಕ ಬಲಗಡೆಯ ಲೋಟವನ್ನು ಕೆಳಗಿಟ್ಟಿರಲಿಲ್ಲ.

"ಮತ್ತ ಇದು ಅದರ ತಂಗಿ," ಎಂದಳು. "ಒಂದಾ ತಾಯಿ ಹೊಟ್ಟ್ಯಾಗ ಹುಟ್ಟಿದ್ದು. ಅಕ್ಕ ಬರಾಕಿಲ್ಲಂದ್ರ ತಂಗೀನ ಮನಿ ತುಂಬಿಸ್ಕೊಂತೀನಿ ಬಿಡ್ರಿ." ಲೋಟವನ್ನು ಕೊನೆಯ ಹನಿಯವರೆಗೆ ಕುಡಿದಳು.

ಎದುರಿಗಿದ್ದ ಆ ಅರ್ಧ ಕಪ್ಪನ್ನು ಎತ್ತಿಕೊಂಡು ಹೋಗಿ ಚೆಲ್ಲಿ, ತೊಳೆದು ಬೋರಲು ಹಾಕಿದಳು. ದಾಕ್ಷಾಯಣಮ್ಮ ಸ್ಟೀಲಿನ ಮುಚ್ಚಳದ ಒಳಗೆ ಮೊಳೆಯಿಂದ ಒಂದು ಗೆರೆ ಗೀರಿ ಕೊಟ್ಟಳು, ಬೆರಕೆಯ ಪುಡಿ ಆ ಗೆರೆಯವರೆಗೆ ಮಾತ್ರ. ಕೆಂಚಕ್ಕ ಹೆಬ್ಬೆರಳಿನಿಂದ ಗೆರೆ ಸವರಿ ನೋಡಿಕೊಂಡಳು.

ಸೋಮವಾರ ದಾಕ್ಷಾಯಣಮ್ಮ ಕೊಟ್ಟೂರಿನ ಅಂಗಡಿಯಲ್ಲಿ ಕೂತಿದ್ದಳು, ಆದರೆ ಮನಸ್ಸು ಅಲ್ಲಿರಲಿಲ್ಲ. ಅರ್ಧ ಕಿಲೋ ಕೇಳಿದವನಿಗೆ ಕಾಲು ಕಿಲೋ ಕಟ್ಟಿ ಬೈಸಿಕೊಂಡಳು. ಹನ್ನೆರಡಾದರೂ ಫೋನಿಲ್ಲ. ಗುರುಬಸವರಾಜರು ಪೇಪರು ಓದುತ್ತಿದ್ದರು, ಒಂದೇ ಪುಟವನ್ನು ಎರಡು ತಾಸಿನಿಂದ.

ಹನ್ನೆರಡೂವರೆಗೆ ದುರ್ಗಾ ಫೋನು ಮಾಡಿದಳು. ದಿನಕ್ಕೆ ನಾನೂರು ಅಂದಿದ್ದರು, ಮೊದಲ ದಿನವೇ ಮಧ್ಯಾಹ್ನದೊಳಗೇ ಮುನ್ನೂರು ಕಪ್ಪು ಹೋಗಿತ್ತು. ಕ್ರಾಂತಿಕುಮಾರ್ ಬಂದು, ಶನಿವಾರದ ನೆನಪಿಗೆ ಮುಖ ಗಂಟು ಹಾಕಿಕೊಂಡೇ ಮೊದಲ ಗುಟುಕು ಕುಡಿದನಂತೆ. ಕಪ್ಪು ಖಾಲಿ ಮಾಡಿ ಮತ್ತೊಂದು ಕೇಳಿದನಂತೆ. ಎರಡನೆಯದನ್ನೂ ಮುಗಿಸಿ, ಸಾಹೇಬರ ಕೋಣೆಗೆ ಒಂದು ಕಪ್ಪು ತಾನೇ ಹಿಡಿದುಕೊಂಡು ಹೋದನಂತೆ. ಅತ್ತೆ ಒಲೆಯ ಮುಂದೆ ರಾಣಿಯ ಹಾಗೆ ನಿಂತಿದ್ದಾಳೆ, ಮಾತಾಡಿಸಲು ಹೋದರೆ ಕೆಲಸ ಐತಿ ಅನ್ನುತ್ತಾಳೆ ಎಂದು ದುರ್ಗಾ ನಕ್ಕಳು. ಒಂದು ಫೋಟೋ ಕಳಿಸುತ್ತೇನೆ, ನೋಡಿರಿ ಎಂದಳು.

ಫೋಟೋ ಬಂತು. ಕ್ಯಾಂಟೀನಿನ ಹೊಸ ಗೋಡೆ, ಹೊಸ ಹಲಗೆ. ಅದರ ಮೇಲೆ ಸಾಲಾಗಿ ಕಮಾನಿನ ಆಕಾರದ ಗೌರಿಯರು, ಹಳೇ ಪೊಟ್ಟಣಗಳಿಂದ ಕತ್ತರಿಸಿ ತೆಗೆದವು, ಈ ಸಲ ನೀರಿಗೆ ಬಿಡದೆ ಉಳಿಸಿಕೊಂಡವು. ಸಾಲಿನ ಕೊನೆಗೆ ಹಕ್ಕಿಗೂಡಿನ ಖಾಲಿ ಪ್ಯಾಕು, ಸಪ್ಪೆ ಬೂದು ಬಣ್ಣದ್ದು, ಒಂದು ಚೂರೂ ಕತ್ತರಿಸದೆ ಇಡಿಯಾಗಿ ನಿಲ್ಲಿಸಿದ್ದು. ಅದರ ಮೇಲೆ ಅಂಗಡಿಯ ರಬ್ಬರ್ ಮುದ್ರೆ ಮುಂದಕ್ಕೆ ಕಾಣುವಂತೆ ತಿರುಗಿಸಿದ್ದರು. ಗುರುಬಸವರಾಜ ಚಹಾಪುಡಿ ಅಂಗಡಿ, ಕೊಟ್ಟೂರು.

ದಾಕ್ಷಾಯಣಮ್ಮ ಗಾಬರಿಯಾಗಿ ಮತ್ತೆ ಫೋನು ಹಚ್ಚಿದಳು. ದೇವರ ಸಾಲಿನಲ್ಲಿ ನಮ್ಮ ಅಂಗಡಿ ಹೆಸರು ಯಾಕೆ, ತೆಗೆಯಿರಿ ಎಂದು ಹೇಳಿದಳು. ಈ ಸಲ ಫೋನು ಕೆಂಚಕ್ಕನೇ ಹಿಡಿದಳು.

"ದೇವ್ರ ಅಂತ ಇಟ್ಟಿಲ್ರಿ ಯವ್ವಾ," ಎಂದಳು. "ಇನ್ನೊಮ್ಮಿ ಫೋಟೋ ಹೊಡೀಬೇಕಾದ್ರ, ಯಾರ ಪುಡಿ ಅಂತ ನೋಡಿದವರಿಗೆ ಗೊತ್ತಾಗಲಿ ಅಂತ ಇಟ್ಟೀನಿ."

ದಾಕ್ಷಾಯಣಮ್ಮ ಫೋನು ಕೆಳಗಿಟ್ಟಳು. ಗುರುಬಸವರಾಜರು ಕೈ ಚಾಚಿ ಫೋನು ಈಸಿಕೊಂಡು, ಕನ್ನಡಕ ಏರಿಸಿ, ಫೋಟೋವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಗಲ್ಲಾಪೆಟ್ಟಿಗೆಯ ಮೇಲಿದ್ದ ರಬ್ಬರ್ ಮುದ್ರೆಯನ್ನು ಕೈಗೆತ್ತಿಕೊಂಡು ತಿರುಗಿಸಿ ಅದರ ಅಕ್ಷರ ಓದಿಕೊಂಡರು.

"ಈ ಮುದ್ರಿ ಸವದೈತಿ," ಎಂದರು. "ಹೊಸದು ಮಾಡಿಸು. ಈ ಸಲ ನಿನ್ನ ಹೆಸರು ಹಾಕ್ಸು."